ಭಾಷಾಂತರಕಾರನು ಬೇಡವೆನ್ನಬೇಕಾದಾಗ

ಎರಡು ಭಾಷೆಗಳನ್ನು ಚೆನ್ನಾಗಿ ಬಲ್ಲವನು ಯಾವ ಬರಹವನ್ನಾದರೂ ಒಂದರಿಂದ ಇನ್ನೊಂದಕ್ಕೆ ತರಬಲ್ಲನೆಂಬುದು ಜನಸಾಮಾನ್ಯರ ನಂಬಿಕೆ. ಕಥೆ, ಚರಿತ್ರೆ, ಪ್ರವಾಸವರ್ಣನೆ ಮೊದಲಾದುವುಗಳ ಮಟ್ಟಿಗೆ ಈ ನಂಬಿಕೆಯು ಬಹುಮಟ್ಟಿಗೆ ಸರಿಯೆ. ಆದರೆ ವೈದ್ಯ, ಯಂತ್ರ, ನ್ಯಾಯ ಮುಂತಾದ ಶಾಸ್ತ್ರಗಳ ಬರಹಗಳಲ್ಲಿ ಭಾಷಾಜ್ಞಾನವೊಂದೇ ಸಾಲದೆ ಹೋಗುವುದುಂಟು. ಅಂಥ ಸಂದರ್ಭದಲ್ಲಿ ವೃತ್ತಿನಿಷ್ಠನಾದ ಭಾಷಾಂತರಕಾರನು ಕೆಲಸವನ್ನು ಬೇಡವೆಂದು ಹಿಂದಿರುಗಿಸಿ, ತಕ್ಕವರು ಯಾರೆಂಬುದನ್ನು ತಿಳಿಸಬೇಕಾಗುತ್ತದೆ. ಈ ಬೇಡವೆನ್ನುವ ಕೆಲಸಕ್ಕೂ ಒಂದು ಕ್ರಮವುಂಟು. ಅದನ್ನು ವಾಚಕರ ಮುಂದಿಡುವುದು ಈ ಲೇಖನದ ಉದ್ದೇಶ.

ಮೊದಲು ಜರ್ಮನಿಯಲ್ಲಿ ನಡೆದ ಒಂದು ಸಂಗತಿಯನ್ನು ನೋಡೋಣ. 2006 ಮತ್ತು 2007ರಲ್ಲಿ ಬರ್ಲಿನ್ ನಗರದ ಒಂದು ಆಸ್ಪತ್ರೆಯಲ್ಲಿ 47 ಮಂದಿ ರೋಗಿಗಳಿಗೆ ಕೃತಕ ಮೊಣಕಾಲಿನ ಕೀಲುಗಳನ್ನು ತಪ್ಪಾದ ರೀತಿಯಲ್ಲಿ ಜೋಡಿಸಲಾಯಿತು. ಕೃತಕ ಕೀಲುಗಳಲ್ಲಿ ಎರಡು ಬಗೆ: ಎಲುಬಿಗೆ ಒಂದು ವಿಧದ ಸಿಮೆಂಟನ್ನು ಹಚ್ಚಿ ಕೂರಿಸತಕ್ಕದ್ದು ಒಂದು, ಸಿಮೆಂಟಿಲ್ಲದೆ ಕೂರಿಸತಕ್ಕದ್ದು ಇನ್ನೊಂದು. ಆ ಕೀಲುಗಳ ಪೆಟ್ಟಿಗೆಯ ಮೇಲೆ ಇಂಗ್ಲಿಷಿನಲ್ಲಿ ‘ನಾನ್-ಮಾಡ್ಯುಲರ್ ಸಿಮೆಂಟೆಡ್’ ಎಂದು ಅಚ್ಚಾಗಿತ್ತು. ಬಿಡಿಬಿಡಿ ಭಾಗಗಳಿಂದ ಜೋಡಿಸಲ್ಪಡದ, ಸಿಮೆಂಟಿನಿಂದ ಕೂರಿಸಬೇಕಾದ ಕೀಲು ಎಂದು ಅದರ ಅರ್ಥ. ಜರ್ಮನ್ ಭಾಷೆಗೆ ತಿರುಗಿಸಿಕೊಂಡವರು ಅದನ್ನು ಸಿಮೆಂಟು ಬೇಡದ ಕೀಲು ಎಂದು ತಿಳಿದರು. ಸಿಮೆಂಟು ಹಾಕಬೇಕಾದ ಕೀಲುಗಳು ಸಿಮೆಂಟಿಲ್ಲದೆ ರೋಗಿಗಳ ಮೊಣಕಾಲನ್ನು ಸೇರಿದುವು.

ವ್ಯಾಕರಣವನ್ನು ಓದಿದವರಿಗೆ ಈ ತಪ್ಪಿನ ಮೂಲವು ಒಡನೆ ಕಾಣುತ್ತದೆ. ನಿಷೇಧವನ್ನು ಹೇಳುವ ‘ನಾನ್’ ಎಂಬುದು ಮುಂದಿನ ಒಂದು ಪದಕ್ಕೆ ಮಾತ್ರ ಅನ್ವಯಿಸುತ್ತದೆಯೊ, ಎರಡಕ್ಕೂ ಅನ್ವಯಿಸುತ್ತದೆಯೊ ಎಂಬುದು ಪ್ರಶ್ನೆ. ಸಂಸ್ಕೃತದಲ್ಲಿ ನಞರ್ಥದ ಅನ್ವಯವನ್ನು ಕುರಿತು ಪಂಡಿತರು ಎಷ್ಟು ವಾದಮಾಡಿದ್ದಾರೆಂಬುದನ್ನು ಬಲ್ಲವರು ಬಲ್ಲರು. ಆದರೆ ಇಲ್ಲಿ ಗಮನಿಸಬೇಕಾದುದೇನೆಂದರೆ, ಎಂಥ ವೈಯಾಕರಣನೂ ಆ ಪೆಟ್ಟಿಗೆಯ ಮೇಲಿನ ಮಾತನ್ನಷ್ಟೇ ನೋಡಿ ನಿರ್ಣಯಿಸಲಾರನು. ಸಿಮೆಂಟು ಬೇಕಾದ ಕೀಲು ಮತ್ತು ಬೇಡದ ಕೀಲು ಎಂಬ ಎರಡು ಜಾತಿಗಳಿವೆಯೆಂದೂ, ಮೇಲಣ ಎರಡು ಪದಗಳು ಎರಡು ಬೇರೆ ಗುಣಗಳನ್ನು ಹೇಳುತ್ತವೆಯೆಂದೂ ಮೊದಲೇ ಅರಿತವನಿಗೆ ಮಾತ್ರ ಅರ್ಥವು ಸಂದೇಹವಿಲ್ಲದೆ ತಿಳಿಯುತ್ತದೆ. ಪದಾರ್ಥವನ್ನು ಬಲ್ಲವನಿಗೇ ಪದದ ಅರ್ಥವು ವಶವಾಗುವುದೆಂದು ಇದರ ತಾತ್ಪರ್ಯ.

ಭಾಷಾಂತರಕಾರರ ಅಂತರರಾಷ್ಟ್ರೀಯ ಒಕ್ಕೂಟವು 1963ರಲ್ಲಿ ಡುಬ್ರೊವ್ನಿಕ್ ನಗರದಲ್ಲಿ ಸಭೆ ಸೇರಿ ತನ್ನ ವೃತ್ತಿಯವರಿಗಾಗಿ ಒಂದು ಸನ್ನದನ್ನು ಅಂಗೀಕರಿಸಿತು. 1994ರಲ್ಲಿ ಆಸ್ಲೊ ನಗರದಲ್ಲಿ ಅದನ್ನು ತಿದ್ದಲಾಯಿತು. ಭಾಷಾಂತರಕಾರನು ಬರಹದ ವಿಷಯವನ್ನು ಸಾಕಷ್ಟು ಬಲ್ಲವನಾಗಿರಬೇಕು, ತನ್ನ ಸಾಮರ್ಥ್ಯಕ್ಕೆ ಮೀರಿದ ಕ್ಷೇತ್ರದಲ್ಲಿ ಕೆಲಸವನ್ನು ಒಪ್ಪಿಕೊಳ್ಳಬಾರದು ಎಂಬ ಭಾವವು ಆ ಸನ್ನದಿನಲ್ಲಿದೆ. 2015ರಲ್ಲಿ ಹೊರಬಂದ ಐ.ಎಸ್.ಒ. 17100 ಎಂಬ ಅಂತರರಾಷ್ಟ್ರೀಯ ಮಾನದಂಡವೂ ಭಾಷಾಂತರಕಾರನಿಗೆ ಇರಬೇಕಾದ ಯೋಗ್ಯತೆಗಳಲ್ಲಿ ವಿಷಯಜ್ಞಾನವನ್ನು ಪ್ರತ್ಯೇಕವಾಗಿ ಎಣಿಸಿದೆ. ಆದಕಾರಣ ಮೀರಿದ ಕೆಲಸವನ್ನು ಹಿಂದಿರುಗಿಸುವುದು ಸಂಕೋಚದ ಅಥವಾ ವಿನಯದ ಮಾತಲ್ಲ. ವೃತ್ತಿಯ ನಿಯಮವೇ ಅದು.

ಇನ್ನು ನಮ್ಮ ಅನುಭವಕ್ಕೆ ಬಂದುದನ್ನು ಹೇಳುತ್ತೇವೆ. ಉಪಾಧ್ಯಾಯ ವೃತ್ತಿಯಿಂದ ನಿವೃತ್ತರಾದ ಮೇಲೆ ನಾವು ಇಂಗ್ಲಿಷಿನಿಂದಲೂ ಸಂಸ್ಕೃತದಿಂದಲೂ ಕನ್ನಡಕ್ಕೆ ಭಾಷಾಂತರಿಸಿಕೊಡುವ ಕೆಲಸವನ್ನು ಸಂಭಾವನೆ ಪಡೆದು ಮಾಡುತ್ತಿದ್ದೇವೆ. ಒಮ್ಮೆ ನಮ್ಮ ಹಳೆಯ ಶಿಷ್ಯನೊಬ್ಬನು ತಾನು ಕೆಲಸಮಾಡುವ ಸಂಸ್ಥೆಯಿಂದ ಒಂದು ಪತ್ರವನ್ನು ಕಳುಹಿಸಿದನು. ಸಕ್ಕರೆ ಕಾಯಿಲೆಗೆ ಸಂಬಂಧಪಟ್ಟ ಹೊಸ ಔಷಧವೊಂದನ್ನು ರೋಗಿಗಳಲ್ಲಿ ಪರೀಕ್ಷಿಸುವುದಕ್ಕೆ ಮುಂಚೆ ಅವರಿಗೆ ಓದಿ ತಿಳಿಸಿ, ಒಪ್ಪಿಗೆಯ ರುಜು ಪಡೆಯುವ ಪತ್ರವದು. ಹದಿನಾಲ್ಕು ಪುಟಗಳು, ಐದು ದಿನಗಳ ಗಡುವು, ಸಂಭಾವನೆಯೂ ನಾವು ಸಾಮಾನ್ಯವಾಗಿ ಪಡೆಯುವುದಕ್ಕಿಂತ ಹೆಚ್ಚು. ಆ ಪತ್ರದ ವಿಷಯವು ಗೋಪ್ಯವಾದುದರಿಂದ ಅದರೊಳಗಿನದನ್ನು ಇಲ್ಲಿ ಹೇಳುವುದಿಲ್ಲ. ಇಂಥ ಪತ್ರಗಳಲ್ಲೆಲ್ಲ ಸಾಮಾನ್ಯವಾಗಿ ಬರುವ ಮಾತುಗಳನ್ನೇ ಉದಾಹರಣೆಗೆ ತೆಗೆದುಕೊಳ್ಳುತ್ತೇವೆ.

ಇಂಥ ಪತ್ರಕ್ಕೆ ನಮ್ಮ ದೇಶದಲ್ಲಿ ಕಾನೂನಿನ ಬಲವಿದೆ. ಹೊಸ ಔಷಧಗಳನ್ನೂ ಅವುಗಳ ಪರೀಕ್ಷೆಗಳನ್ನೂ ಕುರಿತ 2019ರ ನಿಯಮಗಳ ಪ್ರಕಾರ, ಪರೀಕ್ಷೆಗೆ ಒಳಗಾಗುವವನಿಗೆ ಎಲ್ಲ ವಿವರಗಳನ್ನೂ ಅವನಿಗೆ ತಿಳಿಯುವ ಭಾಷೆಯಲ್ಲಿ, ಶಾಸ್ತ್ರದ ಪರಿಭಾಷೆಯಿಲ್ಲದೆ ತಿಳಿಸಬೇಕು. ಓದುಬಾರದವನಾದರೆ ನಿಷ್ಪಕ್ಷಪಾತಿಯಾದ ಸಾಕ್ಷಿಯೊಬ್ಬನು ಆ ಹೊತ್ತಿನಲ್ಲೆಲ್ಲ ಹಾಜರಿರಬೇಕು. ಆಸ್ಪತ್ರೆಯ ನೀತಿಸಮಿತಿಯು ಪತ್ರವನ್ನು ನೋಡಿ ಒಪ್ಪಬೇಕು. ಹೀಗಿರುವಾಗ ಕನ್ನಡ ಬಲ್ಲ ರೋಗಿಗೆ ಆ ಕನ್ನಡ ಪತ್ರವೇ ಸರ್ವಸ್ವ. ಇಂಗ್ಲಿಷಿನ ಮೂಲದಲ್ಲಿ ಎಷ್ಟು ಎಚ್ಚರಿಕೆಯಿದ್ದರೂ ಅದು ಅವನ ಕಿವಿಗೆ ಬೀಳದು.

ಕೆಲಸವನ್ನು ಒಪ್ಪುವುದಕ್ಕಾಗಲಿ ಬಿಡುವುದಕ್ಕಾಗಲಿ ಮೊದಲು ಪತ್ರವನ್ನು ಆದಿಯಿಂದ ಅಂತ್ಯದವರೆಗೆ ಓದಬೇಕು. ಮೊದಲ ಎರಡು ಪುಟಗಳನ್ನು ನೋಡಿ ಒಪ್ಪಿಕೊಳ್ಳುವ ಅಭ್ಯಾಸವು ಅಪಾಯಕರ. ಏಕೆಂದರೆ ಇಂಥ ಪತ್ರಗಳ ಆರಂಭದಲ್ಲಿ ಸ್ವಾಗತ, ಸಂಸ್ಥೆಯ ಪರಿಚಯ ಮುಂತಾದ ಸುಲಭದ ಮಾತುಗಳೇ ಇರುತ್ತವೆ. ಓದುವಾಗ ನಾವು ಮೂರು ಪ್ರಶ್ನೆಗಳನ್ನು ಕೇಳಿಕೊಳ್ಳುತ್ತೇವೆ. ಪ್ರತಿಯೊಂದು ವಾಕ್ಯದ ಅಭಿಪ್ರಾಯವನ್ನೂ ನಿಘಂಟಿನ ನೆರವಿಲ್ಲದೆ ಮನೆಯವರಿಗೆ ನಮ್ಮ ಮಾತಿನಲ್ಲಿ ವಿವರಿಸಬಲ್ಲೆವೆ? ನಿಘಂಟು ಒಂದು ಪದಕ್ಕೆ ಎರಡು ಅರ್ಥಗಳನ್ನು ಕೊಟ್ಟರೆ, ಇದನ್ನೇ ಏಕೆ ಆರಿಸಿದಿರಿ ಎಂದು ಕೇಳಿದವರಿಗೆ ಕಾರಣವನ್ನು ಹೇಳಬಲ್ಲೆವೆ? ಮೂಲದಲ್ಲೇ ಒಂದು ತಪ್ಪಿದ್ದರೆ, ಉದಾಹರಣೆಗೆ ಮೈಕ್ರೋಗ್ರಾಂ ಎಂದಿರಬೇಕಾದ ಕಡೆ ಮಿಲಿಗ್ರಾಂ ಎಂದಿದ್ದರೆ, ಅದು ನಮ್ಮ ಕಣ್ಣಿಗೆ ಬೀಳುವುದೆ? ಈ ಎರಡು ಅಳತೆಗಳಿಗೂ ಸಾವಿರದಷ್ಟು ಅಂತರವಿದೆ. ವಿಷಯ ಬಲ್ಲವನು ಅಂಥ ಅಂಕೆಯನ್ನು ಕಂಡೊಡನೆ ನಿಂತು ವಿಚಾರಿಸುತ್ತಾನೆ. ಬಲ್ಲದವನು ಅಂದವಾದ ಅಕ್ಷರಗಳಲ್ಲಿ ಅದನ್ನೇ ನಕಲುಮಾಡುತ್ತಾನೆ. ಮೂರು ಪ್ರಶ್ನೆಗಳಿಗೂ ಹೌದೆಂಬ ಉತ್ತರ ಬಂದರೆ ಕೆಲಸವನ್ನು ಒಪ್ಪಬಹುದು. ಆ ಪತ್ರದ ಐದನೆಯ ಪುಟವನ್ನು ಮುಟ್ಟುವ ಹೊತ್ತಿಗೆ ಮೂರಕ್ಕೂ ಇಲ್ಲವೆಂದೇ ಹೇಳಬೇಕಾಯಿತು.

ತೊಡಕು ಎಂಥದೆಂಬುದನ್ನು ಎರಡು ಮಾತುಗಳಿಂದ ತೋರಿಸಬಹುದು. ಇವುಗಳ ನಿಜವಾದ ಅರ್ಥವನ್ನು ಬಳಿಕ ವೈದ್ಯರು ನಮಗೆ ವಿವರಿಸಿದರು. ಔಷಧಪರೀಕ್ಷೆಯ ಪತ್ರಗಳಲ್ಲಿ ‘ಟ್ರೀಟ್‌ಮೆಂಟ್-ನಾಯೀವ್’ ಎಂದು ಕೆಲವು ರೋಗಿಗಳನ್ನು ಕರೆಯುವುದುಂಟು. ‘ನಾಯೀವ್’ ಎಂಬುದಕ್ಕೆ ನಿಘಂಟಿನಲ್ಲಿ ಮುಗ್ಧ, ಏನೂ ಅರಿಯದ, ಸರಳಸ್ವಭಾವದ ಎಂಬ ಅರ್ಥಗಳಿವೆ. ಚಿಕಿತ್ಸೆಯ ವಿಷಯದಲ್ಲಿ ಮುಗ್ಧರಾದವರು ಎಂದು ಬರೆದರೆ ವಾಕ್ಯವು ಕೇಳುವುದಕ್ಕೆ ಚೆನ್ನಾಗಿಯೇ ಇರುತ್ತದೆ. ಆದರೆ ಶಾಸ್ತ್ರದಲ್ಲಿ ಅದರ ಅರ್ಥ, ಆ ರೋಗಕ್ಕೆ ಇದುವರೆಗೆ ಯಾವ ಔಷಧವನ್ನೂ ಸೇವಿಸದವರು ಎಂದು. ಎರಡು ವರ್ಷಗಳಿಂದ ಮಾತ್ರೆ ನುಂಗುತ್ತಿದ್ದರೂ ಆ ಮಾತ್ರೆಯ ಹೆಸರನ್ನೇ ಅರಿಯದ ರೋಗಿಯೊಬ್ಬನು ‘ಮುಗ್ಧರು’ ಎಂಬುದನ್ನು ಕೇಳಿ, ‘ನಾನೇ ಅಂಥವನು, ನನಗೇನು ತಿಳಿದೀತು’ ಎಂದುಕೊಳ್ಳುವುದು ಸಹಜವಷ್ಟೆ. ಹಳೆಯ ಮಾತ್ರೆಯ ಸಂಗತಿಯನ್ನು ಅವನು ಹೇಳದೆ ಹೋದರೆ, ಹಳೆಯದರ ಮೇಲೆ ಹೊಸದೂ ಸೇರಿ ರಕ್ತದೊಳಗಿನ ಸಕ್ಕರೆಯು ಅಳತೆಮೀರಿ ಇಳಿಯಬಹುದು. ಬೆವರು, ನಡುಕ, ಕಣ್ಣು ಕತ್ತಲೆ, ಕೊನೆಗೆ ಪ್ರಜ್ಞೆ ತಪ್ಪುವವರೆಗೂ ಅದು ಹೋಗಬಲ್ಲದು.

ಎರಡನೆಯದು ‘ವಾಷ್‌ಔಟ್’ ಎಂಬ ಮಾತು. ತೊಳೆದು ಹೊರಗೆ ಕಳುಹಿಸುವುದೆಂದು ಶಬ್ದಾರ್ಥ. ನಮ್ಮಂತೆ ಸಂಸ್ಕೃತದಲ್ಲಿ ಬೆಳೆದವರಿಗೆ ಒಡನೆ ‘ಶೋಧನಾವಧಿ’ ಎಂಬ ಗಂಭೀರವಾದ ಪದವು ಹೊಳೆಯುತ್ತದೆ. ಆದರೆ ಆಯುರ್ವೇದದಲ್ಲಿ ಶೋಧನವೆಂದರೆ ವಮನ, ವಿರೇಚನ ಮೊದಲಾದ ಕರ್ಮಗಳು. ಆ ಪದವನ್ನು ಕೇಳಿದ ಗೃಹಸ್ಥನು ತನಗೆ ಭೇದಿಯ ಔಷಧವನ್ನು ಕೊಡುವರೆಂದು ತಿಳಿದಾನು. ಶಾಸ್ತ್ರದಲ್ಲಿ ಅದರ ಅರ್ಥವೇ ಬೇರೆ. ರೋಗಿಯು ಇದುವರೆಗೆ ಸೇವಿಸುತ್ತಿದ್ದ ಔಷಧವನ್ನು ವೈದ್ಯರ ಕಣ್ಗಾವಲಿನಲ್ಲಿ ಕೆಲವು ವಾರ ನಿಲ್ಲಿಸಿ, ಅದರ ಪ್ರಭಾವವು ಶರೀರದಿಂದ ಹೋಗುವವರೆಗೆ ಕಾಯುವ ಕಾಲವದು. ಆ ದಿನಗಳಲ್ಲಿ ಸಕ್ಕರೆಯು ಏರಬಹುದು. ಬಾಯಾರಿಕೆ ಹೆಚ್ಚಿದರೆ, ಪದೇಪದೇ ಮೂತ್ರಕ್ಕೆ ಹೋಗಬೇಕಾದರೆ ಯಾರಿಗೆ ತಿಳಿಸಬೇಕೆಂಬುದನ್ನು ರೋಗಿಯು ಮೊದಲೇ ಅರಿತಿರಬೇಕು. ದಿನವೂ ತಪ್ಪದೆ ಸೇವಿಸಿದ ಮಾತ್ರೆಯನ್ನು ನಿಲ್ಲಿಸಬೇಕೆಂಬುದೇ ಆ ಪುಟದ ಮುಖ್ಯ ಸಂಗತಿ. ಶೋಧನಾವಧಿಯೆಂಬ ಪದವು ಆ ಸಂಗತಿಯನ್ನೇ ಮುಚ್ಚಿಬಿಡುತ್ತದೆ.

ಶಿಷ್ಯನು ದೂರವಾಣಿಯಲ್ಲಿ ನಮ್ಮೊಡನೆ ವಾದಿಸಿದನು. “ಮೇಷ್ಟ್ರೇ, ತಮಗೆ ತಿಳಿಯದ ಕನ್ನಡ ಯಾವುದಿದೆ? ತಾವು ಬರೆದುಕೊಡಿ ಸಾಕು. ತಪ್ಪಿದ್ದರೆ ಆಮೇಲೆ ಹಿಡಿಯುತ್ತಾರೆ. ಇನ್ನೊಬ್ಬರು ಅದನ್ನು ಮತ್ತೆ ಇಂಗ್ಲಿಷಿಗೆ ತಿರುಗಿಸಿ ಮೂಲದೊಡನೆ ಹೋಲಿಸುವ ಏರ್ಪಾಡು ಇದೆ,” ಎಂದನು.

ಅವನು ಹೇಳಿದ ಏರ್ಪಾಡು ನಿಜವಾದದ್ದೆ. ಇದನ್ನು ಮರುಭಾಷಾಂತರವೆನ್ನಬಹುದು. ಮೂಲವನ್ನು ನೋಡದ ಮತ್ತೊಬ್ಬರು ಕನ್ನಡವನ್ನು ಇಂಗ್ಲಿಷಿಗೆ ತಿರುಗಿಸುತ್ತಾರೆ. ಎರಡು ಇಂಗ್ಲಿಷುಗಳನ್ನೂ ಪಕ್ಕಪಕ್ಕದಲ್ಲಿಟ್ಟು ನೋಡುತ್ತಾರೆ. ಒಂದು ಸಾಲು ಬಿಟ್ಟುಹೋಗಿದ್ದರೆ, ಅಂಕೆಯು ತಪ್ಪಿದ್ದರೆ, ‘ಬೇಕು’ ಎಂಬುದು ‘ಬೇಡ’ ಎಂದಾಗಿದ್ದರೆ ಈ ಕ್ರಮದಿಂದ ಸಿಕ್ಕಿಬೀಳುತ್ತದೆ. ಆದರೆ ನಮ್ಮಂಥವರು ಮಾಡಬಹುದಾದ ತಪ್ಪು ಈ ಬಲೆಗೆ ಬೀಳುವ ಜಾತಿಯದಲ್ಲ. ‘ನಾಯೀವ್’ ಎಂಬುದನ್ನು ‘ಮುಗ್ಧ’ ಎಂದು ಬರೆದರೆ, ಹಿಂದಕ್ಕೆ ತಿರುಗಿಸುವವರು ‘ಮುಗ್ಧ’ ಎಂಬುದನ್ನು ‘ನಾಯೀವ್’ ಎಂದೇ ಬರೆಯುತ್ತಾರೆ. ಪರೀಕ್ಷೆಯ ಗುಂಪೊಂದಕ್ಕೆ ಇಂಗ್ಲಿಷಿನಲ್ಲಿ ‘ಆರ್ಮ್’ ಎನ್ನುವರು. ಅದನ್ನು ‘ತೋಳು’ ಎಂದು ಬರೆದರೆ, ತೋಳು ಹಿಂದಿರುಗಿ ‘ಆರ್ಮ್’ ಆಗಿಯೇ ಬರುತ್ತದೆ. ಎರಡು ಇಂಗ್ಲಿಷುಗಳೂ ಅಕ್ಷರಶಃ ಒಂದಾಗಿ ಕಾಣುತ್ತವೆ, ಹೋಲಿಸಿದವರು ತೃಪ್ತರಾಗುತ್ತಾರೆ. ನಡುವೆ ನಿಂತ ಕನ್ನಡವನ್ನು ಓದಿದ ರೋಗಿಯೊಬ್ಬನು ಮಾತ್ರ, ತನ್ನನ್ನು ಯಾವ ತೋಳಿಗೆ ಸೇರಿಸುವರೆಂದು ದಿಗ್ಭ್ರಮೆಗೊಳ್ಳುತ್ತಾನೆ.

ಮಕ್ಷಿಕಾಸ್ಥಾನೇ ಮಕ್ಷಿಕಾ ಎಂಬ ನ್ಯಾಯದಂತೆ ಪದಕ್ಕೆ ಪದವನ್ನಿಟ್ಟ ಭಾಷಾಂತರವೇ ಮರುಭಾಷಾಂತರದಲ್ಲಿ ಅತ್ಯುತ್ತಮವಾಗಿ ತೇರ್ಗಡೆಯಾಗುತ್ತದೆ. ಅರ್ಥವನ್ನು ಗ್ರಹಿಸಿ, ‘ಈ ಕಾಯಿಲೆಗೆ ಇದುವರೆಗೆ ಯಾವ ಔಷಧವನ್ನೂ ತೆಗೆದುಕೊಳ್ಳದವರು’ ಎಂದು ಬಿಡಿಸಿ ಬರೆದ ಒಳ್ಳೆಯ ಭಾಷಾಂತರವು ಮೂಲದೊಡನೆ ಅಕ್ಷರಶಃ ಹೊಂದದೆ ಪ್ರಶ್ನೆಗೊಳಗಾಗುತ್ತದೆ. ಆದುದರಿಂದ, ತಪ್ಪನ್ನು ಮುಂದಿನವರು ಹಿಡಿಯುವರೆಂಬ ಧೈರ್ಯದ ಮೇಲೆ, ತಿಳಿಯದ ಶಾಸ್ತ್ರದ ಬರಹವನ್ನು ಒಪ್ಪಿಕೊಳ್ಳುವಂತಿಲ್ಲ. ಇದನ್ನು ಶಿಷ್ಯನಿಗೆ ವಿವರಿಸಿದೆವು. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, “ಹಾಗಾದರೆ ಐದು ದಿನದಲ್ಲಿ ನಾನು ಯಾರನ್ನು ಹುಡುಕಲಿ, ಮೇಷ್ಟ್ರೇ?” ಎಂದು ಕೇಳಿದನು.

ಅವನ ಪ್ರಶ್ನೆಯು ನ್ಯಾಯವಾದದ್ದೆ. ಬರಿಯ ‘ಆಗದು’ ಎಂಬ ಉತ್ತರದಿಂದ ಕೆಲಸ ಕೊಟ್ಟವರ ಕಷ್ಟವು ತೀರದು. ನಾವು ಬಿಟ್ಟ ಕೆಲಸವು ನಮಗಿಂತಲೂ ಕಡಿಮೆ ಬಲ್ಲವರ ಕೈಗೆ ಬೀಳಲೂ ಬಹುದು. ಆದ್ದರಿಂದ ತಕ್ಕವರನ್ನು ಸೂಚಿಸುವುದೂ ಬೇಡವೆನ್ನುವ ಕ್ರಮದ ಒಂದು ಭಾಗವೇ.

ತಕ್ಕವರೆಂದರೆ ಯಾರು? ವೈದ್ಯರೆಲ್ಲರೂ ತಕ್ಕವರಲ್ಲ. ವೈದ್ಯಶಾಸ್ತ್ರವನ್ನು ಇಂಗ್ಲಿಷಿನಲ್ಲೇ ಓದಿ, ಕನ್ನಡವನ್ನು ಬರೆಯುವ ಅಭ್ಯಾಸವನ್ನೇ ಬಿಟ್ಟವರು ಅನೇಕರಿದ್ದಾರೆ. ಶಸ್ತ್ರಚಿಕಿತ್ಸೆಯಲ್ಲಿ ನಿಪುಣರಾದವರಿಗೆ ಔಷಧಪರೀಕ್ಷೆಯ ಪರಿಭಾಷೆಯು ಪರಿಚಯವಿರಲೇಬೇಕೆಂಬುದೂ ಇಲ್ಲ. ನಾವು ಮೂರು ಗುಣಗಳನ್ನು ಹುಡುಕಿದೆವು. ಮೊದಲನೆಯದು, ಔಷಧಗಳ ಗುಣಕರ್ಮಗಳನ್ನು ಕುರಿತ ಶಾಸ್ತ್ರದಲ್ಲಿಯೇ ಪರಿಶ್ರಮ. ಎರಡನೆಯದು, ದಿನವೂ ರೋಗಿಗಳೊಡನೆ ಕನ್ನಡದಲ್ಲಿ ಮಾತನಾಡುವ ರೂಢಿ. ಮೂರನೆಯದು, ಹಿಂದೆ ಕನ್ನಡದಲ್ಲಿ ನಾಲ್ಕು ಪುಟಗಳನ್ನಾದರೂ ಬರೆದ ಅಭ್ಯಾಸ. ನಮಗೆ ಪರಿಚಿತರಾದ ವೈದ್ಯೆಯೊಬ್ಬರಲ್ಲಿ ಈ ಮೂರೂ ಇದ್ದುವು. ಅವರು ವೈದ್ಯವಿದ್ಯಾರ್ಥಿಗಳಿಗೆ ಔಷಧಶಾಸ್ತ್ರವನ್ನು ಬೋಧಿಸುವವರು. ರೋಗಿಗಳಿಗಾಗಿ ಸಣ್ಣ ಸಣ್ಣ ಕನ್ನಡ ಪತ್ರಿಕೆಗಳನ್ನು ಬರೆದವರು.

ಹೆಸರನ್ನು ಕೊಡುವುದಕ್ಕೆ ಮುಂಚೆ ಅವರಿಗೆ ದೂರವಾಣಿ ಮಾಡಿ ಒಪ್ಪಿಗೆ ಪಡೆದೆವು. ಸಂಸ್ಥೆಯ ಹೆಸರನ್ನಾಗಲಿ ಔಷಧದ ಹೆಸರನ್ನಾಗಲಿ ಹೇಳಲಿಲ್ಲ. ಪತ್ರವನ್ನು ಕಳುಹಿಸಲೂ ಇಲ್ಲ. ಗೋಪ್ಯವಾಗಿಡುವೆವೆಂದು ಪಡೆದ ಬರಹವನ್ನು, ಎಷ್ಟೇ ಒಳ್ಳೆಯ ಉದ್ದೇಶದಿಂದಲೂ, ಮಾಲೀಕರ ಅಪ್ಪಣೆಯಿಲ್ಲದೆ ಇನ್ನೊಬ್ಬರಿಗೆ ತೋರಿಸತಕ್ಕದ್ದಲ್ಲ. ‘ಸಕ್ಕರೆ ಕಾಯಿಲೆಯ ಔಷಧಪರೀಕ್ಷೆ, ಒಪ್ಪಿಗೆ ಪತ್ರ, ಸುಮಾರು ಹದಿನಾಲ್ಕು ಪುಟ, ತಮಗೆ ಬಿಡುವಿದೆಯೆ’ ಎಂದಷ್ಟೇ ಕೇಳಿದೆವು. ಅವರು ಒಂದು ಮಾತನ್ನು ಕೂಡಿಸಿದರು: “ನಾನು ಒಂದು ಆಸ್ಪತ್ರೆಯ ನೀತಿಸಮಿತಿಯಲ್ಲಿದ್ದೇನೆ. ಈ ಪತ್ರವು ಒಪ್ಪಿಗೆಗಾಗಿ ಅದೇ ಸಮಿತಿಯ ಮುಂದೆ ಬರುವುದಾದರೆ ಭಾಷಾಂತರವನ್ನು ನಾನು ಮಾಡುವಂತಿಲ್ಲ. ಅದನ್ನು ಮೊದಲು ವಿಚಾರಿಸಿಕೊಳ್ಳಲಿ.” ತಾನು ಬರೆದುದನ್ನು ತಾನೇ ತೀರ್ಪುಮಾಡುವಂತಾಗಬಾರದೆಂಬ ಅವರ ಎಚ್ಚರಿಕೆಯು ನಮಗೆ ಹೊಳೆದಿರಲಿಲ್ಲ. ವಿಷಯತಜ್ಞರೆಂದರೆ ಇಂಥವರೇ.

ಪತ್ರವು ಬಂದ ದಿನವೇ ಸಂಜೆಗೆ ಸಂಸ್ಥೆಗೆ ಮಿಂಚಂಚೆಯಲ್ಲಿ ಉತ್ತರವನ್ನು ಬರೆದೆವು. ವಾಚಕರಿಗೆ ಉಪಯೋಗವಾಗಬಹುದೆಂದು ಅದರ ಸಾರವನ್ನು ಕೊಡುತ್ತೇವೆ:

“ಮಾನ್ಯರೆ, ತಾವು ಕಳುಹಿಸಿದ ಪತ್ರವನ್ನು ಪೂರ್ತಿಯಾಗಿ ಓದಿದೆವು. ಇದರ ಭಾಷಾಂತರವನ್ನು ನಾವು ಒಪ್ಪಿಕೊಳ್ಳಲಾರೆವು. ಔಷಧಪರೀಕ್ಷೆಯ ಶಾಸ್ತ್ರವು ನಮ್ಮ ಪರಿಶ್ರಮದ ಕ್ಷೇತ್ರವಲ್ಲ. ಇದರಲ್ಲಿನ ಅನೇಕ ಮಾತುಗಳಿಗೆ ನಿಘಂಟಿನ ಅರ್ಥವನ್ನು ಬರೆದರೆ ರೋಗಿಗೆ ತಪ್ಪು ತಿಳಿವಳಿಕೆಯಾಗುವ ಸಂಭವವಿದೆ. ಔಷಧಶಾಸ್ತ್ರದ ಅಧ್ಯಾಪಕರೂ ಕನ್ನಡದಲ್ಲಿ ಬರೆಯಬಲ್ಲವರೂ ಆದ ಒಬ್ಬರ ಹೆಸರನ್ನು ಅವರ ಒಪ್ಪಿಗೆ ಪಡೆದು ಕೆಳಗೆ ಕೊಟ್ಟಿದ್ದೇವೆ. ಪತ್ರವನ್ನು ಅವರಿಗೆ ತೋರಿಸಿಲ್ಲ. ಪತ್ರವು ಯಾವ ಆಸ್ಪತ್ರೆಯ ನೀತಿಸಮಿತಿಯ ಮುಂದೆ ಹೋಗುವುದೆಂಬುದನ್ನು ಅವರಿಗೆ ಮೊದಲೇ ತಿಳಿಸಬೇಕು. ಸಂಭಾವನೆ, ಕಾಲ ಮುಂತಾದುವನ್ನು ತಾವು ಅವರೊಡನೆ ನೇರವಾಗಿ ನಿಶ್ಚಯಿಸಿಕೊಳ್ಳಬಹುದು. ಅದರಲ್ಲಿ ನಮಗೆ ಯಾವ ಪಾಲೂ ಇಲ್ಲ. ಇದಕ್ಕೆ ಐದು ದಿನಗಳು ಸಾಲವೆಂದು ನಮ್ಮ ಅಭಿಪ್ರಾಯ. ನಮ್ಮಲ್ಲಿರುವ ಪ್ರತಿಯನ್ನು ಅಳಿಸಿದ್ದೇವೆ. ಅವರು ಸಿದ್ಧಪಡಿಸಿದ ಕನ್ನಡವನ್ನು ಭಾಷೆಯ ದೃಷ್ಟಿಯಿಂದ ಮಾತ್ರ ಓದಿಕೊಡಬೇಕೆಂದು ತಾವು ಬಯಸಿದರೆ ಆ ಕೆಲಸವನ್ನು ಸಂತೋಷದಿಂದ ಮಾಡುತ್ತೇವೆ.”

ಇದರಲ್ಲಿ ಗಮನಿಸಬೇಕಾದ ಎರಡು ಅಂಶಗಳಿವೆ. ಬೇಡವೆಂಬುದನ್ನು ಎರಡನೆಯ ವಾಕ್ಯದಲ್ಲಿಯೇ ಹೇಳಿದೆ. ‘ಪ್ರಯತ್ನಿಸಿ ನೋಡುತ್ತೇವೆ’, ‘ಕಾಲಾವಕಾಶ ಸಿಕ್ಕಿದರೆ’ ಎಂಬ ಮಾತುಗಳಿದ್ದರೆ ಓದಿದವರು ಅದನ್ನು ಸಂಭಾವನೆ ಹೆಚ್ಚಿಸುವ ಉಪಾಯವೆಂದು ತಿಳಿಯುತ್ತಾರೆ, ಇಲ್ಲವೆ ಕಾಯುತ್ತ ದಿನ ಕಳೆಯುತ್ತಾರೆ. ಎರಡನೆಯದಾಗಿ, ಪತ್ರವನ್ನು ಬಂದ ದಿನವೇ ಹಿಂದಿರುಗಿಸಿದೆ. ಐದು ದಿನದ ಕೆಲಸವನ್ನು ನಾಲ್ಕನೆಯ ದಿನ ಹಿಂದಿರುಗಿಸಿದವನು ಬೇರೆಯವರನ್ನು ಹುಡುಕುವ ಕಾಲವನ್ನೂ ಕಸಿದುಕೊಂಡಂತಾಗುತ್ತದೆ. ಇನ್ನೊಂದು ಹಾದಿಯೂ ಉಂಟು: ತಾನು ಒಪ್ಪಿಕೊಂಡು, ಗುಟ್ಟಾಗಿ ಬೇರೆಯವರಿಂದ ಬರೆಯಿಸಿ, ತನ್ನ ಹೆಸರಿನಲ್ಲಿ ಕಳುಹಿಸುವುದು. ಹಾಗೆ ಮಾಡಿದರೆ, ಒಂದು ಮಾತು ಸಂದೇಹಕ್ಕೆ ಬಂದಾಗ ಉತ್ತರ ಹೇಳಬೇಕಾದವನು ಅದನ್ನು ಬರೆದವನಾಗಿರುವುದಿಲ್ಲ.

ಆ ಪತ್ರವು ಅವರ ಸಮಿತಿಗೆ ಬರತಕ್ಕದ್ದಲ್ಲವೆಂದು ತಿಳಿದ ಮೇಲೆ ವೈದ್ಯೆಯವರು ಕೆಲಸವನ್ನು ಒಪ್ಪಿಕೊಂಡರು. ಒಂಬತ್ತು ದಿನಗಳಲ್ಲಿ ಮುಗಿಸಿದರು. ಅನಂತರ ಸಂಸ್ಥೆಯವರ ಅಪ್ಪಣೆಯ ಮೇರೆಗೆ ಅದು ಭಾಷೆಯ ಪರಿಶೀಲನೆಗಾಗಿ ನಮ್ಮಲ್ಲಿಗೆ ಬಂತು. ರೋಗಿಗಳನ್ನು ಗುಂಪುಗಳಿಗೆ ಹಂಚುವ ಕ್ರಮವನ್ನು ಅವರು ಬರೆದಿದ್ದ ರೀತಿಯು ನಮಗೆ ಬಹಳ ಮೆಚ್ಚಿಕೆಯಾಯಿತು. ಪುಸ್ತಕಗಳಲ್ಲಿ ಇದಕ್ಕೆ ‘ಯಾದೃಚ್ಛಿಕ’ ಎಂಬ ಪದವಿದೆ. ‘ಯದೃಚ್ಛಾ’ ಎಂದರೆ ಆಕಸ್ಮಿಕ. ಅವರು ಆ ಪದವನ್ನು ಮುಟ್ಟದೆ, ನೀವು ಯಾವ ಗುಂಪಿಗೆ ಸೇರುವಿರೆಂಬುದು ಚೀಟಿ ಎತ್ತಿದ ಹಾಗೆ ನಿರ್ಧಾರವಾಗುತ್ತದೆ, ಅದನ್ನು ನೀವಾಗಲಿ ನಿಮ್ಮ ವೈದ್ಯರಾಗಲಿ ಆರಿಸುವಂತಿಲ್ಲ ಎಂಬರ್ಥದಲ್ಲಿ ಬರೆದಿದ್ದರು. ಕಾರಣವನ್ನು ಕೇಳಿದಾಗ, “ಆ ದೊಡ್ಡ ಪದದಲ್ಲಿ ನಮ್ಮ ಜನಕ್ಕೆ ‘ಇಚ್ಛೆ’ ಎಂಬುದಷ್ಟೇ ಕೇಳಿಸುತ್ತದೆ. ತಮ್ಮ ಇಚ್ಛೆಯಂತೆ ಗುಂಪನ್ನು ಆರಿಸಬಹುದೆಂದುಕೊಳ್ಳುತ್ತಾರೆ,” ಎಂದರು. ವ್ಯುತ್ಪತ್ತಿಯಲ್ಲಿ ಆ ಪದಕ್ಕೂ ಇಚ್ಛೆಗೂ ಸಂಬಂಧವಿಲ್ಲ. ಆದರೆ ರೋಗಿಯ ಕಿವಿಗೆ ವ್ಯುತ್ಪತ್ತಿ ತಿಳಿಯದು. ಶುದ್ಧವಾದ ಪದವೇ ವಿರುದ್ಧವಾದ ಅರ್ಥವನ್ನು ಕೊಡುವುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಕಿಲ್ಲ.

ಭಾಷೆಯನ್ನು ಬಲ್ಲವನಿಗೂ ಇಂಥ ಬರಹದಲ್ಲಿ ಕೆಲಸವಿಲ್ಲದಿಲ್ಲ. ಅವರ ಕನ್ನಡದಲ್ಲಿ ‘ಹದಿನೈದು ದಿನಕ್ಕೊಮ್ಮೆ ಆಸ್ಪತ್ರೆಗೆ ಬರಬೇಕು’ ಎಂದಿತ್ತು. ನಮ್ಮ ನಾಡಿನ ಮಾತಿನಲ್ಲಿ ಎಂಟು ದಿನವೆಂದರೆ ಒಂದು ವಾರ, ಹದಿನೈದು ದಿನವೆಂದರೆ ಎರಡು ವಾರ. ಎಣಿಸಿದರೆ ಏಳು, ಹದಿನಾಲ್ಕು. ಮನೆಯ ಮಾತಿಗೆ ಇದರಿಂದ ಬಾಧಕವಿಲ್ಲ. ಆದರೆ ದಿನ ಲೆಕ್ಕ ಹಾಕಿ ರಕ್ತವನ್ನು ಪರೀಕ್ಷಿಸುವ ಕಡೆ ಒಬ್ಬನು ಎರಡು ವಾರವೆಂದೂ ಮತ್ತೊಬ್ಬನು ಬೆರಳೆಣಿಸಿ ಹದಿನೈದೆಂದೂ ತಿಳಿದರೆ, ಪ್ರತಿ ಸಲವೂ ಒಂದೊಂದು ದಿನ ಜಾರುತ್ತ ಹೋಗುತ್ತದೆ. ಇದನ್ನು ತೋರಿಸಿ, ಮೂಲದಲ್ಲಿ ಏನಿದೆಯೆಂದು ಕೇಳಿದೆವು. ಅವರು ನೋಡಿ, ‘ಎರಡು ವಾರಕ್ಕೊಮ್ಮೆ, ಅಂದರೆ 14 ದಿನಕ್ಕೊಮ್ಮೆ, ಅದೇ ವಾರದ ದಿನ’ ಎಂದು ತಿದ್ದಿದರು. ಮೂಲವನ್ನು ನೋಡಿ ನಿರ್ಣಯಿಸುವುದು ಅವರ ಕೆಲಸ, ಕನ್ನಡವನ್ನು ಓದಿ ಸಂದೇಹವನ್ನು ಎತ್ತುವುದು ನಮ್ಮದು ಎಂದು ಮೊದಲೇ ಗೊತ್ತುಮಾಡಿಕೊಂಡಿದ್ದೆವು. ನಾವು ಯಾವ ಪದವನ್ನೂ ನಾವೇ ಬದಲಿಸದೆ ಅಂಚಿನಲ್ಲಿ ಪ್ರಶ್ನೆಯನ್ನಷ್ಟೇ ಬರೆದೆವು.

ಕೊನೆಯದಾಗಿ ಅವರು ಮಾಡಿದ ಒಂದು ಪರೀಕ್ಷೆಯನ್ನು ಹೇಳಬೇಕು. ಔಷಧವಿಷಯವನ್ನು ಅರಿಯದ ಇಬ್ಬರು ಕನ್ನಡಿಗರಿಗೆ ಸಂಸ್ಥೆಯ ಅಪ್ಪಣೆ ಪಡೆದು ಪತ್ರವನ್ನು ಓದಿ ಹೇಳಿ, ‘ನಿಮಗೆ ತಿಳಿಯಿತೆ’ ಎಂದು ಕೇಳದೆ, ‘ಈಗ ನೀವು ಏನು ಮಾಡಬೇಕೆಂದು ಬರೆದಿದೆ, ಹೇಳಿ’ ಎಂದು ಕೇಳಿದರು. ತಿಳಿಯಿತೆಂದು ಎಲ್ಲರೂ ಮರ್ಯಾದೆಗೆ ತಲೆಯಾಡಿಸುತ್ತಾರೆ. ಹಿಂದಿರುಗಿ ಹೇಳಿಸಿದಾಗ ಮಾತ್ರ ನಿಜವು ಹೊರಬೀಳುತ್ತದೆ. ಮರುಭಾಷಾಂತರವು ಹಿಡಿಯಲಾರದ ‘ತೋಳು’ ಮತ್ತು ‘ಮುಗ್ಧ’ರಂಥ ತಪ್ಪುಗಳನ್ನು ಹಿಡಿಯುವ ಉಪಾಯ ಇದು. ಹಳೆಯ ಮಾತ್ರೆಯನ್ನು ನಿಲ್ಲಿಸಬೇಕೆಂಬುದನ್ನು ಇಬ್ಬರೂ ಸರಿಯಾಗಿ ಹೇಳಿದರಂತೆ.

ವೈದ್ಯಕ್ಕೆ ಸಂಬಂಧಪಟ್ಟುದನ್ನೆಲ್ಲ ಭಾಷೆ ಬಲ್ಲವರು ಮುಟ್ಟಬಾರದೆಂಬುದು ನಮ್ಮ ಅಭಿಪ್ರಾಯವಲ್ಲ. ಆಸ್ಪತ್ರೆಯ ಭೇಟಿಯ ವೇಳೆ, ಕೊಠಡಿಗಳ ನಿಯಮ, ಧನ್ಯವಾದಪತ್ರ ಇಂಥವುಗಳನ್ನು ನಾವೂ ಭಾಷಾಂತರಿಸಿಕೊಟ್ಟಿದ್ದೇವೆ. ನೆರೆಮನೆಯವರು ಆಸ್ಪತ್ರೆಯಿಂದ ಬಿಡುಗಡೆಯಾಗುವಾಗ ಕೊಟ್ಟ ಇಂಗ್ಲಿಷ್ ಕಾಗದವನ್ನು ಓದಿಹೇಳಿರೆಂದು ತಂದಾಗಲೂ, ಮತ್ತೆ ಯಾವ ದಿನ ಹೋಗಬೇಕೆಂಬುದನ್ನು ಓದಿ ಹೇಳುತ್ತೇವೆ. ಯಾವ ಮಾತ್ರೆಯನ್ನು ನಿಲ್ಲಿಸಬೇಕು, ಯಾವುದನ್ನು ಎಷ್ಟು ಸೇವಿಸಬೇಕು ಎಂಬ ಸಾಲಿಗೆ ಬಂದಾಗ ಕಾಗದವನ್ನು ಮಡಿಸಿ ಕೈಗೆ ಕೊಟ್ಟು, ಔಷಧದಂಗಡಿಯ ಪರಿಣತರನ್ನೊ ಆ ವೈದ್ಯರನ್ನೊ ಇಂದೇ ಕೇಳಿರೆಂದು ಹೇಳಿ, ದೂರವಾಣಿಯ ಸಂಖ್ಯೆಯನ್ನು ಕಾಗದದ ಮೇಲೆ ಗುರುತು ಮಾಡಿಕೊಡುತ್ತೇವೆ.